ಆಸ್ಟ್ರೇಲಿಯಾ ಅರ್ಜಿಯಲ್ಲಿ ‘ನಾವು’ ಬೇಡ, ‘ನಾನು’ ಬೇಕು

ಎಂಜಿನಿಯರ್ ಆಗಿ ಆಸ್ಟ್ರೇಲಿಯಾಕ್ಕೆ ವಲಸೆ ಹೋಗಬೇಕೆಂದು ಹೊರಟ ಹಳೆಯ ವಿದ್ಯಾರ್ಥಿಗಳು ಬಾಗಲಕೋಟೆಯ ನಮ್ಮ ಮನೆಗೆ ದಪ್ಪ ಫೈಲು ಹಿಡಿದು ಬರುತ್ತಲೇ ಇರುತ್ತಾರೆ. ಸಿವಿಲ್ ವಿಭಾಗದಲ್ಲಿ ಬಹಳ ವರ್ಷ ಪಾಠ ಹೇಳಿದವನು ನಾನು, ಅದಕ್ಕೇ ಬರುತ್ತಾರೆ. ಫೈಲಿನಲ್ಲಿ ಪದವಿ ಪ್ರಮಾಣಪತ್ರ, ಎಂಟು ಸೆಮಿಸ್ಟರಿನ ಅಂಕಪಟ್ಟಿ, ಕಂಪನಿಯ ಪತ್ರ ಎಲ್ಲವೂ ಇರುತ್ತವೆ. ಆದರೂ ಆಸ್ಟ್ರೇಲಿಯಾದ ಮೌಲ್ಯಮಾಪಕರು ‘ನೀವು ಎಂಜಿನಿಯರ್ ಆಗಿ ಏನು ಮಾಡಿದ್ದೀರಿ ಎಂಬುದು ಇದರಿಂದ ತಿಳಿಯುವುದಿಲ್ಲ’ ಎಂದು ತಿರುಗಿ ಕೇಳಿರುತ್ತಾರೆ. ಎಡವುವ ಜಾಗ ಬಹುತೇಕ ಎಲ್ಲರಿಗೂ ಒಂದೇ. ಆದ್ದರಿಂದ ಮೊದಲಿನ ಹಂತಗಳನ್ನು ಬೇಗ ಮುಗಿಸಿ ಅಲ್ಲಿಗೆ ಹೋಗೋಣ.

ಹಂತ 1: ಯಾರ ಬಳಿ ಹೋಗಬೇಕು

ಆಸ್ಟ್ರೇಲಿಯಾದ ಕೌಶಲ ವಲಸೆಗೆ ಅರ್ಜಿ ಹಾಕುವವರ ಪದವಿಯನ್ನು ತೂಗುವ ಸಂಸ್ಥೆ ಉದ್ಯೋಗಕ್ಕೆ ತಕ್ಕಂತೆ ಬೇರೆ ಬೇರೆ ಇರುತ್ತದೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮುಂತಾದ ಎಂಜಿನಿಯರುಗಳನ್ನು ತೂಗುವುದು ಎಂಜಿನಿಯರ್ಸ್ ಆಸ್ಟ್ರೇಲಿಯಾ. ಸಾಫ್ಟ್‌ವೇರ್ ಕೆಲಸದವರಿಗೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ ಇದೆ. ಈ ಲೇಖನ ಎಂಜಿನಿಯರುಗಳಿಗೆ ಮಾತ್ರ.

ಹಂತ 2: ನಿಮ್ಮ ದಾರಿ ಯಾವುದು

ಎಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮನ್ನಿಸುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯವಾಯಿತು. ಇದನ್ನು ಕೇಳಿದ ಕೂಡಲೇ ‘ಹಾಗಾದರೆ ನನ್ನ ಬಿಇ ನೇರವಾಗಿ ನಡೆಯುತ್ತದೆ’ ಎಂದುಕೊಳ್ಳಬೇಡಿ. ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಮೊದಲ ಶ್ರೇಣಿಯಲ್ಲಿ ಮಾನ್ಯ ಮಾಡಿದ ಕೋರ್ಸುಗಳಿಗೆ ಮಾತ್ರ ಆ ಒಪ್ಪಂದ ಅನ್ವಯಿಸುತ್ತದೆ. ವಿಶ್ವವಿದ್ಯಾಲಯದ ಪಠ್ಯಕ್ರಮವನ್ನೇ ಕಲಿಸುವ ಸಂಯೋಜಿತ ಕಾಲೇಜುಗಳು ಎರಡನೇ ಶ್ರೇಣಿಯಲ್ಲಿ ಬರುತ್ತವೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪದವಿ ಪಡೆದ ನಮ್ಮ ಭಾಗದ ಹೆಚ್ಚಿನ ಹುಡುಗರು ಓದಿದ್ದು ಇಂಥ ಕಾಲೇಜುಗಳಲ್ಲೇ. ಸ್ವಾಯತ್ತ ಕಾಲೇಜಿನಲ್ಲಿ ಓದಿದ್ದರೂ ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ, ಅದೂ ನಿರ್ದಿಷ್ಟ ವರ್ಷಗಳಿಗೆ. ನೀವು ಪಾಸಾದ ವರ್ಷ ಆ ಅವಧಿಯೊಳಗೆ ಬರುತ್ತದೆಯೇ ಎಂದು ಎನ್‌ಬಿಎ ಪಟ್ಟಿಯಲ್ಲಿ ನೋಡಿಕೊಳ್ಳಿ.

ಬರದಿದ್ದರೆ ನಿಮ್ಮ ದಾರಿ ಸಿಡಿಆರ್, ಅಂದರೆ ಸಾಮರ್ಥ್ಯ ನಿರೂಪಣಾ ವರದಿ. ಅಲ್ಲಿ ಪದವಿ ಕಾಗದದ ಜೊತೆಗೆ ನೀವು ಮಾಡಿದ ಮೂರು ಕೆಲಸಗಳ ಕಥನವನ್ನು ಕೊಟ್ಟು ಎಂಜಿನಿಯರ್ ಎಂದು ನೀವೇ ಸಾಧಿಸಿ ತೋರಿಸಬೇಕು.

ಹಂತ 3: ಕಾಗದಪತ್ರ

ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪಾಸ್‌ಪೋರ್ಟ್, ಸ್ವವಿವರ ಮತ್ತು ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬೇಕು. ಐಇಎಲ್‌ಟಿಎಸ್ ಬರೆದಿದ್ದರೆ ನಾಲ್ಕೂ ವಿಭಾಗಗಳಲ್ಲಿ ಕನಿಷ್ಠ 6 ಇರಬೇಕು. ಜೆರಾಕ್ಸ್ ಪ್ರತಿಯ ಸ್ಕ್ಯಾನ್ ನಡೆಯುವುದಿಲ್ಲ, ಮೂಲ ಕಾಗದವನ್ನೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ. ಮೊಬೈಲಿನಲ್ಲಿ ತೆಗೆದ, ಮೂಲೆಯಲ್ಲಿ ಹೆಬ್ಬೆರಳು ಕಾಣುವ ಚಿತ್ರಗಳನ್ನು ದಯವಿಟ್ಟು ಕಳಿಸಬೇಡಿ.

ನಮ್ಮ ಕಡೆಯವರಿಗೆ ಇಲ್ಲಿ ಕಾಡುವುದು ಹೆಸರು. ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು, ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಮನೆಯ ಅಡ್ಡಹೆಸರು. ಓದುವವರಿಗೆ ಇವರೆಲ್ಲ ಮೂರು ಬೇರೆ ಜನರಂತೆ ಕಾಣುತ್ತಾರೆ. ಎಲ್ಲ ಹೆಸರುಗಳೂ ಒಬ್ಬರವೇ ಎಂದು ಹೇಳುವ ನೋಟರಿ ಪ್ರಮಾಣಪತ್ರವನ್ನೋ ವಿವಾಹ ನೋಂದಣಿ ಪತ್ರವನ್ನೋ ಅವರು ಕೇಳುವ ಮೊದಲೇ ಸೇರಿಸಿಡಿ.

ಹಂತ 4: ಮೂರು ಕಥನಗಳು

ಎಡವುವ ಜಾಗ ಇದೇ. ಒಂದೊಂದು ಕಥನವೂ ಇಂಗ್ಲಿಷಿನಲ್ಲಿ 1,000ದಿಂದ 2,500 ಪದಗಳೊಳಗೆ ಇರಬೇಕು. ಅದರಲ್ಲಿ ಪರಿಚಯ, ಹಿನ್ನೆಲೆ, ನೀವು ಸ್ವತಃ ಮಾಡಿದ ಎಂಜಿನಿಯರಿಂಗ್ ಕೆಲಸ ಮತ್ತು ಸಾರಾಂಶ ಎಂದು ನಾಲ್ಕು ಭಾಗ. ಪ್ರತಿ ಪ್ಯಾರಾಕ್ಕೂ 1.1, 1.2 ಎಂದು ಸಂಖ್ಯೆ ಇರಬೇಕು. ಹಿನ್ನೆಲೆಯಲ್ಲಿ ಸಂಸ್ಥೆಯ ಶ್ರೇಣಿಯ ಚಿತ್ರ ಹಾಕಿ, ನಿಮ್ಮ ಮೇಲೆ ಯಾರು, ಕೆಳಗೆ ಯಾರು ಎಂದು ತೋರಿಸಿ. ತೂಕವಿರುವುದು ಮೂರನೆಯ ಭಾಗಕ್ಕೆ. ನೌಕರಿ ಸಿಗದವರು ಅಂತಿಮ ವರ್ಷದ ಪ್ರಾಜೆಕ್ಟಿನ ಮೇಲೂ ಬರೆಯಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಸವನ ಬಾಗೇವಾಡಿ ಕಡೆ ಶಾಖಾ ಕಾಲುವೆಯ ಕಾಮಗಾರಿಯಲ್ಲಿ ಸೈಟ್ ಎಂಜಿನಿಯರ್ ಆಗಿದ್ದ ಹುಡುಗನೊಬ್ಬ ತನ್ನ ಮೊದಲ ಕಥನವನ್ನು ತಂದು ತೋರಿಸಿದ. ಅದರ ಮುಖ್ಯ ಪ್ಯಾರಾದ ಅರ್ಥ ಹೀಗಿತ್ತು: ‘ಕಾಲುವೆಯು ಎರೆಭೂಮಿಯಲ್ಲಿ ಹಾದುಹೋಗುತ್ತದೆ. ಮಣ್ಣಿನ ಪರೀಕ್ಷೆಗಳನ್ನು ಮಾನದಂಡದಂತೆ ಮಾಡಲಾಯಿತು. ನಾವು ಸೂಕ್ತ ಕ್ರಮ ಕೈಗೊಂಡು ಕಾಮಗಾರಿಯನ್ನು ಸಮಯಕ್ಕೆ ಪೂರ್ಣಗೊಳಿಸಿದೆವು.’

“ಪರೀಕ್ಷೆ ಮಾಡಿದವರು ಯಾರು?” ಎಂದು ಕೇಳಿದೆ.

“ನಾನೇ ಸರ್.”

“ಕ್ರಮ ಅಂದರೆ ಯಾವ ಕ್ರಮ? ಹೇಳಿದವರು ಯಾರು?”

“ಅದೂ ನಾನೇ. ಆದರೆ ಎಲ್ಲ ನಾನೇ ಮಾಡಿದೆ ಎಂದು ಬರೆದರೆ ಸೊಕ್ಕಿನ ಮಾತಾಗುವುದಿಲ್ಲವೇ ಸರ್?”

ಹಿರಿಯರ ಮುಂದೆ ‘ನಾನು’ ಎನ್ನಬಾರದೆಂದು ಬೆಳೆಸಿದ ಮಕ್ಕಳು ಇವರು. ಆ ನಯ ನನಗೆ ಇಷ್ಟವೇ. ಆದರೆ ಮೌಲ್ಯಮಾಪಕರು ತೂಗುತ್ತಿರುವುದು ಒಬ್ಬ ವ್ಯಕ್ತಿಯನ್ನು. ‘ನಾವು’ ಎಂದ ಕಡೆ ಆ ವ್ಯಕ್ತಿ ಅವರಿಗೆ ಕಾಣಿಸುವುದಿಲ್ಲ. ‘ಮಾಡಲಾಯಿತು’ ಎಂದ ಕಡೆ ಯಾರೂ ಕಾಣಿಸುವುದಿಲ್ಲ. ಇಡೀ ಕಥನ ಉತ್ತಮ ಪುರುಷದಲ್ಲಿರಬೇಕೆಂದು ಅವರ ನಿಯಮವೇ ಹೇಳುತ್ತದೆ.

ಕೂತು ಮಾತಾಡಿದಾಗ ನಿಜವಾದ ಕಥೆ ಹೊರಗೆ ಬಂತು. ಗುತ್ತಿಗೆದಾರರು ಅಗೆದ ಮಣ್ಣಿನ ಮೇಲೆಯೇ ಕಾಂಕ್ರೀಟ್ ಹೊದಿಕೆ ಹಾಕಲು ಹೊರಟಿದ್ದರು. ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಬಿರಿಯುತ್ತದೆ, ಹೊದಿಕೆಯ ಹಲಗೆಗಳು ಮೇಲೆದ್ದು ಒಡೆಯುತ್ತವೆ. ಹುಡುಗನಿಗೆ ಅನುಮಾನ ಬಂದು ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಹತ್ತು ಹತ್ತು ಗ್ರಾಂ ತೂಗಿ ಎರಡು ಗಾಜಿನ ಅಳತೆ ಕೊಳವೆಗಳಿಗೆ ಹಾಕಿದ. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ, ಅದೇ ಹೋಲಿಕೆಗೆ ಆಧಾರ. ಮರುದಿನ ನೋಡಿದರೆ ಸೀಮೆಎಣ್ಣೆಯಲ್ಲಿ ಮಣ್ಣು 12 ಮಿಲಿಲೀಟರಿನ ಗೆರೆಗೆ ನಿಂತಿತ್ತು, ನೀರಿನಲ್ಲಿ 21ಕ್ಕೆ ಏರಿತ್ತು. ವ್ಯತ್ಯಾಸ 9, ಅದನ್ನು 12ರಿಂದ ಭಾಗಿಸಿದರೆ ಹಿಗ್ಗುವಿಕೆ ಶೇ 75. ಶೇ 50 ದಾಟಿದರೇ ಎಚ್ಚರ ವಹಿಸಬೇಕಾದ ಮಣ್ಣು ಅದು. ಆಮೇಲೆ ಆತ ಹಿಗ್ಗುವ ಒತ್ತಡವನ್ನು ಪ್ರಯೋಗಾಲಯದಲ್ಲಿ ಅಳೆಸಿದ. ಎರೆಮಣ್ಣಿನ ಕಾಲುವೆಗಳಿಗೆಂದೇ ಇರುವ ಐಎಸ್ 9451 ಮಾರ್ಗಸೂಚಿಯನ್ನು ನೋಡಿ, ಹೊದಿಕೆಯ ಕೆಳಗೆ ಹಿಗ್ಗದ ಅಂಟುಮಣ್ಣಿನ ಪದರ ಹಾಕಬೇಕೆಂದು ಟಿಪ್ಪಣಿ ಬರೆದ. ಹತ್ತಿರದ ಗುಡ್ಡದ ಗರಸನ್ನು ಪರೀಕ್ಷಿಸಿ, ಅದು ಆಗುತ್ತದೆ ಎಂದು ತೋರಿಸಿಕೊಟ್ಟ. ಒಪ್ಪಿಗೆಯ ಸಹಿ ಕಾರ್ಯನಿರ್ವಾಹಕ ಎಂಜಿನಿಯರರದು.

ಇಷ್ಟು ಮಾಡಿದವನು ‘ಸೂಕ್ತ ಕ್ರಮ ಕೈಗೊಂಡೆವು’ ಎಂದು ಬರೆದಿದ್ದ! ತಿದ್ದಿದ ಮೇಲೆ ಪ್ಯಾರಾ ಹೀಗಾಯಿತು: ‘ಹೊದಿಕೆ ಹಾಕುವ ಮೊದಲು ತಳದ ಮಣ್ಣಿನ ಹಿಗ್ಗುವಿಕೆಯನ್ನು ನಾನು ಪರೀಕ್ಷಿಸಿದೆ. ಅದು ಶೇ 75 ಬಂದದ್ದರಿಂದ ನೇರವಾಗಿ ಹೊದಿಕೆ ಹಾಕಿದರೆ ಒಡೆಯುತ್ತದೆ ಎಂದು ತೀರ್ಮಾನಿಸಿದೆ. ಮಣ್ಣನ್ನು ಆಳದವರೆಗೆ ತೆಗೆದು ತುಂಬುವುದು, ನಡುವೆ ಹಿಗ್ಗದ ಪದರ ಹಾಕುವುದು, ಇವೆರಡನ್ನೂ ಹೋಲಿಸಿ ಖರ್ಚು ಕಡಿಮೆಯಾಗುವ ಎರಡನೆಯದನ್ನು ಶಿಫಾರಸು ಮಾಡಿದೆ. ಕಾರ್ಯನಿರ್ವಾಹಕ ಎಂಜಿನಿಯರ್ ಅದನ್ನು ಅನುಮೋದಿಸಿದರು.’ ಕೊನೆಯ ವಾಕ್ಯವನ್ನು ಬಿಡಬೇಡಿ. ಮೇಲಿನವರ ಪಾಲನ್ನು ಅವರಿಗೆ ಕೊಟ್ಟಾಗ ನಿಮ್ಮ ಪಾಲನ್ನು ಓದುಗರು ನಂಬುತ್ತಾರೆ.

ಕಥನದಲ್ಲಿ ಲೆಕ್ಕದ ಹಾಳೆಗಳು, ಕೋಷ್ಟಕಗಳು, ಫೋಟೋಗಳು ತುಂಬಿಕೊಳ್ಳಬಾರದು. ಒಂದು ಅಂಕಿ, ಅದರಿಂದ ನೀವು ತೆಗೆದುಕೊಂಡ ನಿರ್ಧಾರ, ಆ ನಿರ್ಧಾರಕ್ಕೆ ಕಾರಣ, ಇಷ್ಟು ಸಾಕು. ಆದರೆ ಪರೀಕ್ಷಾ ವರದಿ, ಸೈಟ್ ಡೈರಿ, ನಿಮ್ಮ ಟಿಪ್ಪಣಿಯ ಪ್ರತಿ ಕೈಯಲ್ಲಿರಲಿ, ಮೌಲ್ಯಮಾಪಕರು ಮುಂದೆ ಕೇಳಬಹುದು.

ನನ್ನ ಖಚಿತ ಸಲಹೆ ಇದು: ಮೊದಲ ಕರಡನ್ನು ಸೈಟ್ ಡೈರಿ ಎದುರಿಗಿಟ್ಟುಕೊಂಡು ಕನ್ನಡದಲ್ಲಿ, ಕೈಯಲ್ಲಿ ಬರೆಯಿರಿ. ನೇರವಾಗಿ ಇಂಗ್ಲಿಷಿಗೆ ಕೈಹಾಕಿದವರು ಟೆಂಡರ್ ದಾಖಲೆಯ ಭಾಷೆಗೆ ಬೀಳುವುದನ್ನು ನಾನು ಪದೇ ಪದೇ ನೋಡಿದ್ದೇನೆ.

ಮತ್ತೊಂದು ಮಾತು. ‘ಸಿದ್ಧ ಸಿಡಿಆರ್’ ಮಾರುವವರಿದ್ದಾರೆ. ಹೆಸರು ಮತ್ತು ಊರು ಬದಲಿಸಿ ಅದೇ ಕಥನವನ್ನು ಹತ್ತು ಜನರಿಗೆ ಕೊಡುತ್ತಾರೆ. ಅಂಥದೊಂದನ್ನು ನಾನು ಓದಿದ್ದೇನೆ. ವಿಜಯಪುರದ ಹುಡುಗನ ಕಥನದಲ್ಲಿ ಸಮುದ್ರ ತೀರದ ಉಪ್ಪುಗಾಳಿಯಿಂದ ಕಂಬಿ ತುಕ್ಕು ಹಿಡಿಯುವ ಪ್ರಸ್ತಾಪವಿತ್ತು. ಎಂಜಿನಿಯರ್ಸ್ ಆಸ್ಟ್ರೇಲಿಯಾ ಕೃತಿಚೌರ್ಯವನ್ನು ತಂತ್ರಾಂಶದಿಂದ ಪರಿಶೀಲಿಸುತ್ತದೆ. ಸಿಕ್ಕಿಬಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ, ಮತ್ತೆ ಅರ್ಜಿ ಹಾಕದಂತೆ ನಿಷೇಧ ಬೀಳುತ್ತದೆ, ವೀಸಾ ಕೊಡುವ ಇಲಾಖೆಗೂ ಸುದ್ದಿ ಹೋಗಬಹುದು. ಯಾರಿಂದಲಾದರೂ ವ್ಯಾಕರಣ ತಿದ್ದಿಸಿಕೊಳ್ಳಿ, ಕಥನ ಕೊಳ್ಳಬೇಡಿ.

ಹಂತ 5: ಸಾರಾಂಶ ಪಟ್ಟಿ

ಪದವೀಧರ ಎಂಜಿನಿಯರಿಗೆ 16 ಸಾಮರ್ಥ್ಯಗಳ ಪಟ್ಟಿ ಇದೆ. ಪ್ರತಿಯೊಂದರ ಎದುರು ಅದು ಕಥನದ ಯಾವ ಪ್ಯಾರಾದಲ್ಲಿ ಕಾಣುತ್ತದೆ ಎಂದು ಸಂಖ್ಯೆ ಬರೆಯಬೇಕು. ಮೇಲಿನ ಮಣ್ಣಿನ ಪ್ಯಾರಾ, ಜಟಿಲ ಸಮಸ್ಯೆಗೆ ಎಂಜಿನಿಯರಿಂಗ್ ವಿಧಾನ ಬಳಸುವ, ಪಟ್ಟಿಯಲ್ಲಿ ಪಿಇ 2.1 ಎಂದಿರುವ ಸಾಮರ್ಥ್ಯಕ್ಕೆ ಹೋಗುತ್ತದೆ. ಗರಸು ತೆಗೆಯುವ ಜಮೀನಿನ ರೈತರಿಗೆ ಕೆಲಸವನ್ನು ಆತ ವಿವರಿಸಿ ಹೇಳಿದ ಪ್ಯಾರಾ, ಸಂವಹನದ ಪಿಇ 3.2ಕ್ಕೆ. ‘1.5ರಿಂದ 1.20’ ಎಂದು ಇಡೀ ಕಥನವನ್ನೇ ತೋರಿಸುವುದು ಸೋಮಾರಿತನ, ಓದುವವರಿಗೆ ಅದು ಗೊತ್ತಾಗುತ್ತದೆ. ಯಾವುದಾದರೂ ಸಾಮರ್ಥ್ಯಕ್ಕೆ ಪ್ಯಾರಾ ಸಿಗದಿದ್ದರೆ ಕಥನಕ್ಕೆ ಹಿಂದಿರುಗಿ, ಬಿಟ್ಟುಹೋದ ಕೆಲಸವನ್ನು ನೆನಪಿಸಿಕೊಂಡು ಸೇರಿಸಿ. ಮೂರು ಕಥನವೂ ಸೇರಿ 16 ತುಂಬಿದರೆ ಆಯಿತು.

ಹಂತ 6: ಅನುಭವದ ಪತ್ರ

ವೀಸಾ ಅರ್ಜಿಯಲ್ಲಿ ಅನುಭವಕ್ಕೂ ಅಂಕ ಬೇಕಿದ್ದರೆ ಉದ್ಯೋಗದ ಮೌಲ್ಯಮಾಪನವನ್ನು ಹೆಚ್ಚುವರಿಯಾಗಿ ಕೇಳಿಕೊಳ್ಳಬೇಕು. ಸಂಸ್ಥೆಯ ಲೆಟರ್‌ಹೆಡ್ಡಿನ ಮೇಲೆ ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆ, ಕೆಲಸದ ವಿವರ, ಸಹಿ ಮಾಡಿದವರ ಹೆಸರು, ಹುದ್ದೆ ಮತ್ತು ಸಂಪರ್ಕ ಇರಬೇಕು. ‘ಇವರ ನಡತೆ ತೃಪ್ತಿಕರ’ ಎಂಬ ಎರಡು ಸಾಲಿನ ಪತ್ರದಿಂದ ಪ್ರಯೋಜನವಿಲ್ಲ. ಅದರ ಬೆನ್ನಿಗೆ ಮೂರನೆಯವರ ಸಾಕ್ಷ್ಯವೂ ಬೇಕು. ಭವಿಷ್ಯ ನಿಧಿಯ ಪಾಸ್‌ಬುಕ್, ಆದಾಯ ತೆರಿಗೆ ದಾಖಲೆ ಅಂಥವು. ಸಣ್ಣ ಗುತ್ತಿಗೆದಾರರ ಬಳಿ ಕೈಗೆ ನಗದು ಪಡೆದು ದುಡಿದವರಿಗೆ ಇವು ಇರುವುದಿಲ್ಲ. ಹಳೆಯ ತಾರೀಖಿನ ಸಂಬಳದ ಚೀಟಿ ಮಾಡಿಸಲು ಹೋಗಬೇಡಿ. ಆ ವರ್ಷಗಳ ಅಂಕ ಬಿಟ್ಟು, ಪದವಿ ಮತ್ತು ಸಿಡಿಆರ್ ಮೇಲೆ ಮಾತ್ರ ಮೌಲ್ಯಮಾಪನ ಮಾಡಿಸಿಕೊಳ್ಳಬಹುದು.

ಫಲಿತಾಂಶದ ಪತ್ರ ಬಂದರೆ ವೀಸಾ ಬಂತೆಂದು ತಿಳಿಯಬೇಡಿ. ವೀಸಾಕ್ಕೆ ಬೇರೆಯೇ ಅರ್ಜಿ ಹಾಕಬೇಕು, ಅಲ್ಲಿ ಈ ಪತ್ರ ಸಾಮಾನ್ಯವಾಗಿ ಮೂರು ವರ್ಷ ನಡೆಯುತ್ತದೆ. ಪತ್ರದ ದಿನಾಂಕವನ್ನು ಫೈಲಿನ ಮೇಲೆಯೇ ಬರೆದಿಟ್ಟುಕೊಳ್ಳಿ.