ಬೆಣ್ಣೆದೋಸೆ ಬಿಲ್ಲು, ನೂರು ಚೀಟಿ, ಸ್ಟ್ಯಾಂಡರ್ಡ್ ಎರರ್: ನಾನು ಪಾಠ ಮಾಡೋ ರೀತಿ

ದಾವಣಗೆರೆಲಿ ಬಿಕಾಂ, ಎಂಬಿಎ ಹುಡುಗರಿಗೆ ಸ್ಟ್ಯಾಟಿಸ್ಟಿಕ್ಸ್ ಟ್ಯೂಷನ್ ಮಾಡ್ತೀನಿ. ಮೀನ್ ಅಂದ್ರೆ ಸರಾಸರಿ, ಎಸ್‌ಡಿ ಅಂದ್ರೆ ನಂಬರುಗಳು ಆ ಸರಾಸರಿಯಿಂದ ಎಷ್ಟು ಹರಡಿದಾವೆ ಅನ್ನೋದು, ಇಲ್ಲಿ ತನಕ ಎಲ್ರೂ ಆರಾಮಾಗಿ ಬರ್ತಾರೆ, ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್ ಅಂದ ತಕ್ಷಣ ಮುಖ ಸಪ್ಪೆ ಆಗುತ್ತೆ. ಅದಕ್ಕೆ ನಾನು ಫಾರ್ಮುಲಾ ಬರೆಯೋದು ಬಿಟ್ಟು ಮೊದಲು ಒಂದು ಸ್ಟೀಲ್ ಡಬ್ಬಿ ತಂದು ಟೇಬಲ್ ಮೇಲಿಡ್ತೀನಿ.

ಡಬ್ಬೀಲಿ ನೂರು ಚೀಟಿ ಇರುತ್ತೆ, ಒಂದೊಂದು ಚೀಟೀನೂ ಬೆಣ್ಣೆದೋಸೆ ಹೋಟೆಲಿನ ಒಂದೊಂದು ಬಿಲ್ಲು ಅಂತ ಇಟ್ಕೊಳ್ಳಿ. 70 ಚೀಟಿ ಮೇಲೆ 100 ರೂಪಾಯಿ, ಅಂದ್ರೆ ಒಬ್ಬನೇ ಬಂದು ದೋಸೆ ತಿಂದು ಕಾಫಿ ಕುಡಿದು ಹೋದೋನು. 20ರ ಮೇಲೆ 200, ಇಬ್ರು ಬಂದಿದ್ದು. ಇನ್ನು 10 ಚೀಟಿ ಮೇಲೆ 500, ಮನೆಮಂದಿ ಎಲ್ಲ ಬಂದು ಮಕ್ಕಳಿಗೆ ಖಾಲಿ ದೋಸೆ, ದೊಡ್ಡೋರಿಗೆ ಎರಡೆರಡು ಬೆಣ್ಣೆದೋಸೆ, ಮೇಲೆ ಪಾರ್ಸಲ್ಲು ಬೇರೆ. ಇವು ಯಾವ ಹೋಟೆಲಿನ ಲೆಕ್ಕಾನೂ ಅಲ್ಲ, ಗುಣಾಕಾರ ಸಲೀಸಾಗ್ಲಿ ಅಂತ ನಾನೇ ಬರೆದಿದ್ದು. ಮೀನ್ 160 ಬರುತ್ತೆ, ಎಸ್‌ಡಿ ಸರಿಯಾಗಿ 120. ನಾರ್ಮಲ್ ಕರ್ವಿಗೂ ಈ ಡಬ್ಬಿಗೂ ಸಂಬಂಧಾನೇ ಇಲ್ಲ, ಬಲಗಡೆ ಉದ್ದ ಬಾಲ, ಎಡಗಡೆ ಗುಂಪು.

ಈಗ ಒಬ್ಬೊಬ್ರಾಗಿ ಬಂದು ನಾಲ್ಕು ಚೀಟಿ ತೆಗೀಬೇಕು, ಒಂದು ತೆಗೆದು ಬರ್ಕೊಂಡು ವಾಪಸ್ ಹಾಕಿ ಡಬ್ಬಿ ಕುಲುಕಿ ಇನ್ನೊಂದು. ನಾಲ್ಕರ ಸರಾಸರಿ ಮಾಡಿ ಬೋರ್ಡ್ ಮೇಲೆ ಒಂದು ಚುಕ್ಕಿ ಇಡ್ಬೇಕು. ಒಬ್ಬನಿಗೆ 100 ಬರುತ್ತೆ, ಇನ್ನೊಬ್ಬಳಿಗೆ 225, ಮತ್ತೊಬ್ಬನಿಗೆ 125. ಎಲ್ರೂ ಇಟ್ಟ ಮೇಲೆ ಬೋರ್ಡ್ ತೋರಿಸಿ ಹೇಳ್ತೀನಿ, ನೋಡ್ರಪ್ಪ, ಇಲ್ಲಿರೋ ಒಂದು ಚುಕ್ಕೀನೂ ಬಿಲ್ಲಲ್ಲ, ಪ್ರತಿ ಚುಕ್ಕೀನೂ ಒಂದು ಸ್ಯಾಂಪಲ್ಲಿನ ಸರಾಸರಿ, ಈ ಸರಾಸರಿಗಳ ಗುಂಪೇ ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್ನು, ಈ ಗುಂಪಿನ ಎಸ್‌ಡಿಗೇ ಸ್ಟ್ಯಾಂಡರ್ಡ್ ಎರರ್ ಅಂತಾರೆ, ಅದೇನೂ ಬೇರೆ ಪ್ರಾಣಿ ಅಲ್ಲ.

ಚುಕ್ಕಿ ಎಣಿಸಿ ಅಂದಾಜು ಮಾಡಿದ ಮೇಲೇನೇ ಫಾರ್ಮುಲಾ ಬರೆಯೋದು: SE = σ / √n. σ ಅಂದ್ರೆ ಡಬ್ಬಿಯ ಎಸ್‌ಡಿ, n ಅಂದ್ರೆ ಒಂದು ಸ್ಯಾಂಪಲ್ಲಲ್ಲಿರೋ ಚೀಟಿ ಎಷ್ಟು ಅನ್ನೋದು, ಇಲ್ಲಿ 120 / √4, ಅಂದ್ರೆ 60. ಬಿಲ್ಲುಗಳು ಸರಾಸರಿಯಿಂದ 120ರಷ್ಟು ಆಚೀಚೆ ಹೋಗ್ತಾವೆ, ನಾಲ್ಕು ಬಿಲ್ಲಿನ ಸರಾಸರಿ ಆದ್ರೆ 60ರಷ್ಟೇ. ಒಂದು 500ರ ಚೀಟಿ ಬಂದ್ರೂ ಜೊತೆಗಿರೋ 100ಗಳು ಅದನ್ನ ಕೆಳಕ್ಕೆ ಎಳೀತಾವೆ, ಅಷ್ಟೇ ಗುಟ್ಟು.

ಇಲ್ಲಿಗೆ ಬಂದ ಮೇಲೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಸರ್, ಹಂಗಾದ್ರೆ ಇನ್ನೂ ಜಾಸ್ತಿ ಸಲ ಚೀಟಿ ತೆಗೆದ್ರೆ ಎರರ್ ಕಮ್ಮಿ ಆಗುತ್ತಾ?" ಇಲ್ಲ. ಸ್ಯಾಂಪಲ್ ಎಷ್ಟು ಸಲ ತೆಗೆದ್ರಿ ಅನ್ನೋದು ಬೇರೆ, ಒಂದು ಸ್ಯಾಂಪಲ್ಲಲ್ಲಿ ಎಷ್ಟು ಚೀಟಿ ಅನ್ನೋದು ಬೇರೆ. ನಾಲ್ಕು ನಾಲ್ಕೇ ತೆಗೀತಾ ಸಾವಿರ ಜನ ಚುಕ್ಕಿ ಇಟ್ರೂ ಹರಡೋದು ಅದೇ 60, ಚಿತ್ರ ಒಂಚೂರು ನೀಟಾಗಿ ಕಾಣುತ್ತೆ ಅಷ್ಟೇ. ಕಮ್ಮಿ ಆಗ್ಬೇಕಂದ್ರೆ n ಜಾಸ್ತಿ ಆಗ್ಬೇಕು, ಅದೂ ರೂಟ್ ಲೆಕ್ಕದಲ್ಲಿ, 60 ಇದ್ದದ್ದು 30 ಆಗ್ಬೇಕಂದ್ರೆ ನಾಲ್ಕರ ಬದಲು 16 ಚೀಟಿ ಬೇಕು. ನಿಜವಾದ ಸರ್ವೇಲಂತೂ ನಾವು ತೆಗೆಯೋದು ಒಂದೇ ಸ್ಯಾಂಪಲ್, ನಮಗೆ ಸಿಗೋದು ಒಂದೇ ಚುಕ್ಕಿ. ಮಿಕ್ಕ ಚುಕ್ಕಿ ಎಲ್ಲೆಲ್ಲಿ ಬೀಳ್ತಿದ್ವು ಅನ್ನೋ ಅಂದಾಜೇ ಆ ಫಾರ್ಮುಲಾ.

ದೊಡ್ಡ n ಕೈಯಲ್ಲಿ ಮಾಡೋಕೆ ಕೂತ್ರೆ ರಾತ್ರಿ ಆಗುತ್ತೆ, ಅದಕ್ಕೆ ಲ್ಯಾಪ್‌ಟಾಪ್ ತೆಗೀತೀನಿ.

```python
import numpy as np
box = [100]*70 + [200]*20 + [500]*10
n = 36
m = np.random.choice(box, size=(5000, n)).mean(axis=1)
print(m.mean(), m.std())
```

ಮೊದಲನೇ ನಂಬರ್ 160ರ ಹತ್ರ, ಎರಡನೇದು 20ರ ಹತ್ರ ಬರುತ್ತೆ, 120 / √36 ಅಂದ್ರೆ 20 ತಾನೆ. ಈ choice ತಾನಾಗೇ ಚೀಟಿ ವಾಪಸ್ ಹಾಕುತ್ತೆ. ಕೈಯಲ್ಲಿ ಮಾಡುವಾಗ ವಾಪಸ್ ಹಾಕದೆ 36 ತೆಗೆದ್ರೆ ಹರವು 20 ಬರಲ್ಲ, 16ರ ಆಸುಪಾಸು ಬರುತ್ತೆ, ಯಾಕಂದ್ರೆ ಡಬ್ಬಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೈಗೇ ಬಂದುಬಿಟ್ಟಿರುತ್ತೆ. ಯಾರದಾದ್ರೂ ಚುಕ್ಕಿಗಳು ಅನುಮಾನ ಬರೋಷ್ಟು ಒತ್ತೊತ್ತಾಗಿ ಬಿದ್ರೆ ನಾನು ಮೊದಲು ನೋಡೋದು ಅದನ್ನೇ.

ಆಮೇಲೆ m ಹಿಸ್ಟೋಗ್ರಾಮ್ ಹಾಕಿಸ್ತೀನಿ. n = 4 ಇದ್ದಾಗ ಮೂರು ಗುಡ್ಡ, 500ರ ಚೀಟಿ ಒಂದೂ ಬರದಿದ್ದವು ಒಂದ್ಕಡೆ, ಒಂದು ಬಂದಿದ್ದವು ಇನ್ನೊಂದ್ಕಡೆ, ಎರಡು ಬಂದಿದ್ದವು ಆಚೆಗೆ. n = 36ಕ್ಕೆ ಗುಡ್ಡಗಳು ಕೂಡ್ಕೊಂಡು ಹೆಚ್ಚುಕಮ್ಮಿ ಗಂಟೆ ಆಕಾರ, ಬಲಗಡೆ ಬಾಲ ಮಾತ್ರ ಇನ್ನೂ ಒಂಚೂರು ಉಳಿದಿರುತ್ತೆ. ಸೆಂಟ್ರಲ್ ಲಿಮಿಟ್ ಥಿಯರಂ ಹೇಳೋದು ಇಷ್ಟನ್ನೇ, ಚೀಟಿಗಳು ಒಂದಕ್ಕೊಂದು ಸಂಬಂಧ ಇಲ್ದಂಗೆ ಬಂದು ಎಸ್‌ಡಿ ಅನ್ನೋದು ಒಂದು ಮಿತೀಲಿದ್ರೆ, n ಬೆಳೀತಾ ಸರಾಸರಿಗಳ ಗುಂಪು ನಾರ್ಮಲ್ ಹತ್ರ ಹೋಗುತ್ತೆ. ಬಿಲ್ಲುಗಳು ನಾರ್ಮಲ್ ಆಗ್ತಾವೆ ಅಂತ ಅದು ಎಲ್ಲೂ ಹೇಳಿಲ್ಲ. ನೀವು ಹತ್ತು ಸಾವಿರ ಬಿಲ್ ತಂದ್ರೂ ಬಿಲ್ಲಿನ ಹಿಸ್ಟೋಗ್ರಾಮ್ ಅದೇ ಸೊಟ್ಟ ಸೊಟ್ಟ. ಪರೀಕ್ಷೇಲಿ "ಸ್ಯಾಂಪಲ್ ದೊಡ್ಡದಾದ್ರೆ ಡೇಟಾ ನಾರ್ಮಲ್ ಆಗುತ್ತೆ" ಅಂತ ಬರೆಯೋರು ಇನ್ನೂ ಇದ್ದಾರೆ, ಗೈಡುಗಳ ಕೃಪೆ ಅಂತ ಕಾಣುತ್ತೆ.

ಇನ್ನೊಂದು ವಿಷಯ, ಇದನ್ನ ಮಾತ್ರ ನಿಧಾನವಾಗಿ ಮಾಡಿಸ್ತೀನಿ. ಫಾರ್ಮುಲಾಲಿರೋ 120 ನಮಗೆ ಗೊತ್ತಾಗಿದ್ದು ಡಬ್ಬಿ ನಮ್ಮದೇ ಆಗಿದ್ದಕ್ಕೆ. ಹೊರಗಡೆ ಸಿಗ್ಮಾ ಯಾರೂ ಹೇಳಲ್ಲ, ಕೈಲಿರೋ ಸ್ಯಾಂಪಲ್ಲಿನ ಎಸ್‌ಡೀನೇ ಅಲ್ಲಿಗೆ ಹಾಕ್ಬೇಕು. ಒಬ್ಬ ಹುಡುಗಿ ಒಂಬತ್ತು ಚೀಟಿ ತೆಗೆದ್ಲು ಅಂತಿಟ್ಕೊಳ್ಳಿ, ಏಳು 100, ಎರಡು 200, 500 ಒಂದೂ ಇಲ್ಲ. ಸರಾಸರಿ 122, ಎಸ್‌ಡಿ 44, ಮೂರರಿಂದ ಭಾಗಿಸಿದ್ರೆ ಎಸ್‌ಇ ಸುಮಾರು 14.7. ನಿಜವಾದ ಎಸ್‌ಇ 40 ಇರ್ಬೇಕಿತ್ತು! ಟಿ ಟೇಬಲ್ಲಲ್ಲಿ ಒಂಬತ್ತಕ್ಕೆ ಒಂದು ಕಮ್ಮಿ, ಅಂದ್ರೆ 8 ಡಿಗ್ರೀಸ್ ಆಫ್ ಫ್ರೀಡಂಗೆ 2.306 ತಗೊಂಡು, ನಿಜವಾದ ಸರಾಸರಿ ಎಲ್ಲಿಂದ ಎಲ್ಲೀವರೆಗೆ ಇರ್ಬಹುದು ಅನ್ನೋ 95% ಇಂಟರ್ವಲ್ ಹಾಕಿದ್ರೆ 88ರಿಂದ 156, ಡಬ್ಬಿಯ 160 ಅದರೊಳಗೇ ಇಲ್ಲ. ಅವಳ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ, ನೋಡಿ. ಒಂಬತ್ತು ಚೀಟೀಲಿ 500 ಒಂದೂ ಬರದೇ ಇರೋ ಸಾಧ್ಯತೆ 0.9ರ ಒಂಬತ್ತನೇ ಘಾತ, ಅಂದ್ರೆ 39%. ಬಾಲ ಸಿಕ್ಕದೇ ಹೋದಾಗ ಸರಾಸರೀನೂ ಕಮ್ಮಿ, ಎಸ್‌ಡೀನೂ ಕಮ್ಮಿ, ಎರಡೂ ಒಟ್ಟಿಗೆ ಕೈಕೊಡ್ತಾವೆ. 36 ತೆಗೆದ್ರೆ ಇದೇ ಸಾಧ್ಯತೆ ಸುಮಾರು 2%ಕ್ಕೆ ಇಳಿಯುತ್ತೆ.

ಅದಕ್ಕೇ "n 30 ದಾಟಿದ್ರೆ ಸಾಕು" ಅನ್ನೋದನ್ನ ನಾನು ಬರೆಸಲ್ಲ. ಡೇಟಾ ಅಷ್ಟೇನೂ ಸೊಟ್ಟ ಇಲ್ಲಾಂದ್ರೆ 10, 15ಕ್ಕೇ ಕೆಲಸ ಆಗುತ್ತೆ, 500ರ ಚೀಟಿ ಹತ್ತರ ಬದಲು ಒಂದೇ ಇದ್ದು ಅದರ ಮೇಲೆ 5000 ಅಂತ ಬರೆದಿದ್ರೆ 36ಕ್ಕೂ ಸಾಲಲ್ಲ. ಬೇಕಾದ್ರೆ ಕೋಡಲ್ಲಿ box ಬದಲಾಯಿಸಿ ನೋಡ್ಬಹುದು, ಹಿಸ್ಟೋಗ್ರಾಮ್ ಮತ್ತೆ ಗುಡ್ಡ ಗುಡ್ಡ ಆಗಿ ನಿಲ್ಲುತ್ತೆ.

ಇನ್ನು ಪ್ರಾಜೆಕ್ಟಿಗೆ ಅಂತ ನಿಜವಾದ ಹೋಟೆಲಿಗೆ ಹೋಗಿ ಬಿಲ್ ಕೇಳೋರಿಗೆ ಒಂದು ಮಾತು. ಭಾನುವಾರ ಬೆಳಿಗ್ಗೆ ಒಂದೇ ಗಂಟೇಲಿ 36 ಬಿಲ್ ಬರ್ಕೊಂಡು ಬಂದ್ರೆ ಅರ್ಧಕ್ಕರ್ಧ ಫ್ಯಾಮಿಲಿ ಬಿಲ್ಲೇ ಇರುತ್ತೆ, ಎಸ್‌ಇ ಅಂತ ಏನೋ ಒಂದು ಬರುತ್ತೆ, ಆದ್ರೆ ಅದು ವಾರದ ಸರಾಸರಿ ಬಗ್ಗೆ ಏನೂ ಹೇಳಲ್ಲ, ಭಾನುವಾರದ ಆ ಒಂದು ಗಂಟೆ ಬಗ್ಗೆ ಹೇಳುತ್ತೆ. ಡಬ್ಬಿ ಕುಲುಕೋದಕ್ಕೆ ಸಮನಾಗಿ ಅಲ್ಲಿ ಮಾಡ್ಬೇಕಾಗಿರೋದು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು ಮೊದಲೇ ಚೀಟಿ ಎತ್ತಿ ಗೊತ್ತು ಮಾಡ್ಕೊಂಡು ಹೋಗೋದು, ಕ್ಯಾಷಿಯರ್ ಸ್ವಲ್ಪ ಬೈದ್ರೂ ಪರವಾಗಿಲ್ಲ.