ಫ್ರೀವೀಲಾ, ಕ್ಯಾಸೆಟ್ಟಾ? ಎರಡು ಫೋಟೋ ತರಿಸಿಕೊಂಡು ನೋಡಿದೆ

ಕಲಬುರಗಿಯಲ್ಲಿ ನನ್ನದು ಸೈಕಲ್ ರಿಪೇರಿ ಅಂಗಡಿ. ಹಳ್ಳಿಗಳಿಂದ ಜನ ಮೊಬೈಲ್‌ಗೆ ಫೋಟೋ ಕಳಿಸಿ ಪಾರ್ಟ್ ಕೇಳುತ್ತಾರೆ. ಶಹಾಪುರದ ಹುಡುಗನೊಬ್ಬ ಹಿಂದಿನ ಗೇರ್ ಚಕ್ರಗಳ ಫೋಟೋ ಕಳಿಸಿದ್ದ. ಈ ಚಕ್ರಗಳ ಕಟ್ಟು ಎರಡು ಥರ, ಫ್ರೀವೀಲ್ ಮತ್ತು ಕ್ಯಾಸೆಟ್. ನಡುವಿನ ಗುಂಡಿಯಲ್ಲಿ ಸಣ್ಣ ಸಣ್ಣ ಹಲ್ಲು ಕಂಡವು. ಕ್ಯಾಸೆಟ್ ಅಂದುಕೊಂಡು ಏಳು ಗೇರಿನ ಕ್ಯಾಸೆಟ್ ಬಸ್ಸಿಗೆ ಹಾಕಿದೆ. ಸಂಜೆ ಫೋನ್ ಬಂತು: "ಅಣ್ಣಾ, ಹಳೇದು ಬಿಚ್ಚಲಿಕ್ಕೇ ಬರವಲ್ದು ರೀ."

ಆಮೇಲೆ ಗೊತ್ತಾಯಿತು, ಅವನ ಗಾಲಿಯ ನಡುವಿನ ಹಬ್‌ನಲ್ಲಿ ಬರೀ ತಿರುಪಿನ ಸುತ್ತು ಇತ್ತು. ಫ್ರೀವೀಲ್ ಅದರ ಮೇಲೆ ತಿರುಗಿಸಿ ಕೂಡಿಸುವಂಥದ್ದು. ಕ್ಯಾಸೆಟ್ಟಿಗೆ ಹಬ್ ಮೇಲೆಯೇ ಗೀರುಗಳಿರುವ ಬಾಡಿ ಬೇಕು.

ನಡುವೆ ಎರಡೋ ನಾಲ್ಕೋ ಅಗಲ ಕಚ್ಚು ಕಂಡರೆ ಅದು ಫ್ರೀವೀಲ್. ಉಂಗುರದ ಮೇಲೆ 'ಲಾಕ್' ಎಂದು ಕೆತ್ತಿದ್ದರೆ ಕ್ಯಾಸೆಟ್. ತೊಂದರೆ ಇರುವುದು 12 ಸಣ್ಣ ಹಲ್ಲಿನದರಲ್ಲಿ. ಅದು ಎರಡರಲ್ಲೂ ಬರುತ್ತದೆ. ಮೇಲೆ ಗ್ರೀಸು, ಧೂಳು ಕೂಡಿದ್ದರೆ ಫೋಟೋದಲ್ಲಿ ಎರಡೂ ಒಂದೇ ಥರ. ಅತಿ ಸಣ್ಣ ಚಕ್ರದ ಹಲ್ಲು ಎಣಿಸಿದರೆ ಸ್ವಲ್ಪ ಸುಳಿವು ಸಿಗುತ್ತದೆ. 11 ಇದ್ದರೆ ಹೆಚ್ಚಾಗಿ ಕ್ಯಾಸೆಟ್, 14 ಇದ್ದರೆ ಹೆಚ್ಚಾಗಿ ಫ್ರೀವೀಲ್. ಆದರೆ ಅಷ್ಟನ್ನೇ ನಂಬಿ ಪಾರ್ಟ್ ಕಳಿಸೋದಿಲ್ಲ.

ಅದಕ್ಕೆ ಈಗ ಎರಡು ಫೋಟೋ ಕೇಳುತ್ತೇನೆ. ಆ ಹುಡುಗನಿಗೂ ಹೀಗೇ ಹೇಳಿದೆ. ಗಾಲಿ ಬಿಚ್ಚಿ, ಚಿಮಣಿ ಎಣ್ಣೆಯ ಬಟ್ಟೆಯಿಂದ ನಡುಭಾಗ ಒರೆಸು. ಒಣಗಿದ ಮೇಲೆ ನಡುವಿನ ಕಚ್ಚಿನಿಂದ ಸಣ್ಣ ಚಕ್ರದವರೆಗೆ ಸೀಮೆಸುಣ್ಣದಿಂದ ಒಂದೇ ಗೆರೆ ಎಳೆ. ಗಾಳಿ ತುಂಬುವ ವಾಲ್ವ್ ಮೇಲಿರಲಿ, ಗೆರೆಯೂ ಮೇಲಿರಲಿ. ನೇರ ಎದುರಿನಿಂದ, ವಾಲ್ವ್ ಕೂಡ ಕಾಣುವಂತೆ ಒಂದು ಫೋಟೋ ತೆಗಿ. ಆಮೇಲೆ ಗಾಲಿ ಗಟ್ಟಿಯಾಗಿ ಹಿಡಿದು, ಗೇರ್ ಚಕ್ರಗಳನ್ನು ಮಾತ್ರ ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ ಇನ್ನೊಂದು ತೆಗಿ.

ಫ್ರೀವೀಲ್‌ನಲ್ಲಿ ನಡುವಿನ ಕಚ್ಚು ಹಬ್‌ಗೆ ಅಂಟಿರುತ್ತದೆ, ಚಕ್ರಗಳು ಮಾತ್ರ ತಿರುಗುತ್ತವೆ. ಹಾಗಾಗಿ ಗೆರೆ ತುಂಡಾಗುತ್ತದೆ. ಕ್ಯಾಸೆಟ್‌ನಲ್ಲಿ ಲಾಕ್ ಉಂಗುರವೂ ಚಕ್ರಗಳ ಜೊತೆಗೇ ತಿರುಗುತ್ತದೆ. ಗೆರೆ ತುಂಡಾಗದೆ ಹಾಗೇ ಕೆಳಗೆ ಬರುತ್ತದೆ.

ಅವನ ಎರಡನೇ ಫೋಟೋದಲ್ಲಿ ಗೆರೆ ತುಂಡಾಗಿರಲಿಲ್ಲ. ಆದರೆ ವಾಲ್ವ್ ಕೂಡ ಕೆಳಗೆ ಬಂದಿತ್ತು! ಪೂರ್ತಿ ಗಾಲಿಯನ್ನೇ ತಿರುಗಿಸಿದ್ದ. ವಾಲ್ವ್ ಕಾಣದಿದ್ದರೆ ಮತ್ತೆ ಕ್ಯಾಸೆಟ್ ಅಂದುಕೊಳ್ಳುತ್ತಿದ್ದೆ. ಇನ್ನೊಮ್ಮೆ ಮಾಡಿಸಿದೆ. ಈ ಸಲ ವಾಲ್ವ್ ಮೇಲೆ, ಕಚ್ಚಿನ ಗೆರೆ ಮೇಲೆ, ಸಣ್ಣ ಚಕ್ರದ ಗೆರೆ ಮಾತ್ರ ಕೆಳಗೆ.

14ರಿಂದ 28 ಹಲ್ಲಿನ ಏಳು ಗೇರ್ ಫ್ರೀವೀಲ್ ಕಳಿಸಿದೆ, ಜೊತೆಗೆ 12 ಹಲ್ಲಿನ ಬಿಚ್ಚುವ ಟೂಲ್. ಟೂಲನ್ನು ಆಕ್ಸಲ್ ನಟ್‌ನಿಂದ ಹಗುರವಾಗಿ ಒತ್ತಿ ಹಿಡಿಸಿ, ಎಡಕ್ಕೆ ತಿರುಗಿಸು, ಸ್ವಲ್ಪ ಬಿಟ್ಟುಕೊಂಡ ಕೂಡಲೇ ನಟ್ ತೆಗಿ ಅಂದೆ. ಟೂಲ್ ಜಾರಿದರೆ ಕಚ್ಚು ಸವೆದು ಹೋಗುತ್ತದೆ, ಆಮೇಲೆ ಹಳೆಯದು ಬಿಚ್ಚೋದೇ ಕಷ್ಟ. ಮರುದಿನ ಹೊಸದು ಕೂಡಿಸಿದ ಫೋಟೋ ಬಂತು.