ಐದು ಲಾಟ್ ಡಾಲರ್ ಮಾರಿದಾಗ: ಪಿಪ್, ಲಾಟ್, ಮಾರ್ಜಿನ್ ಲೆಕ್ಕ

ಮೈಸೂರಿನಲ್ಲಿ ನಮ್ಮದು ಸಣ್ಣ ಅಗರಬತ್ತಿ ವ್ಯವಹಾರ. ಸರಕು ಹೊರಗೆ ಹೋದ ಮೇಲೆ ಡಾಲರ್ ಕೈಗೆ ಬರೋಕೆ ಎರಡು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಡಾಲರ್ ಇಳಿದರೆ ಲಾಭವೆಲ್ಲ ಹೋಯ್ತು. ಅದಕ್ಕೇ ನಾನು ಎನ್‌ಎಸ್‌ಇಯಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್, ಅಂದರೆ ಮುಂದಿನ ತಾರೀಖಿನ ಡಾಲರ್ ಬೆಲೆಯನ್ನು ಇವತ್ತೇ ಗೊತ್ತುಮಾಡುವ ಒಪ್ಪಂದ, ಮಾರಿಡುತ್ತೇನೆ. ಡಾಲರ್ ಇಳಿದರೆ ಇದರಲ್ಲಿ ಲಾಭ, ಏರಿದರೆ ನಷ್ಟ. ಅಂದಹಾಗೆ, 2024ರ ಮೇ 3ರಿಂದ ಇಲ್ಲಿ ವ್ಯವಹಾರ ಮಾಡೋಕೆ ನಿಜವಾದ ವಿದೇಶಿ ಕರೆನ್ಸಿ ಬಾಕಿ ಇರಲೇಬೇಕು, ಸುಮ್ನೆ ಊಹೆಯ ಮೇಲೆ ಆಡುವ ಹಾಗಿಲ್ಲ.

ನನಗೆ 5,000 ಡಾಲರ್ ಬರಬೇಕು ಅಂದುಕೊಳ್ಳಿ. ಒಂದು ಲಾಟ್ ಅಂದರೆ 1,000 ಡಾಲರ್, ಹಾಗಾಗಿ ಐದು ಲಾಟ್ ಮಾರುತ್ತೇನೆ. ಬೆಲೆ 84.2500 ಅನ್ನಿ. ಈ ನಾಲ್ಕು ದಶಾಂಶ ನೋಡಿ ಹೆದರಬೇಡಿ. ಇಲ್ಲಿ ಬೆಲೆ ಕನಿಷ್ಠ 0.0025 ರೂಪಾಯಿಯಷ್ಟು ಅಲುಗುತ್ತದೆ, ಅಂದರೆ ಕಾಲು ಪೈಸೆ. ನಮ್ಮ ಬ್ರೋಕರ್‌ಗಳು ಪಿಪ್ ಅನ್ನೋದು ಇದಕ್ಕೇ. 1,000 ಡಾಲರ್ ಮೇಲೆ ಕಾಲು ಪೈಸೆ ಅಂದರೆ ಎರಡೂವರೆ ರೂಪಾಯಿ. ಐದು ಲಾಟ್‌ಗೆ ಒಂದು ಪಿಪ್ ಹನ್ನೆರಡೂವರೆ ರೂಪಾಯಿ, ಅಷ್ಟೇ.

ಐದು ಲಾಟ್‌ನ ಒಟ್ಟು ಬೆಲೆ 4,21,250 ರೂಪಾಯಿ. ಅಷ್ಟೂ ಕಟ್ಟಬೇಕಾಗಿಲ್ಲ. ಮಾರ್ಜಿನ್ ಶೇಕಡಾ ಎರಡೂವರೆ ಅಂತ ಇಟ್ಟುಕೊಂಡರೆ ಸುಮಾರು 10,500 ಸಾಕು. ಇದು ಮುಂಗಡ ಅಲ್ಲ, ನಷ್ಟಕ್ಕೆ ಇಟ್ಟ ಠೇವಣಿ. ಮಾರುಕಟ್ಟೆ ಜಾಸ್ತಿ ಕುಣಿದರೆ ಇದೂ ಏರುತ್ತದೆ.

ಈಗ ಡಾಲರ್ ಏರಿ ಅವತ್ತಿನ ಸೆಟಲ್‌ಮೆಂಟ್ ಬೆಲೆ, ಅಂದರೆ ದಿನದ ಕೊನೆಗೆ ಲಾಭನಷ್ಟ ಲೆಕ್ಕ ಹಾಕುವ ಬೆಲೆ, 84.6500 ಆಯಿತು ಅನ್ನಿ. 40 ಪೈಸೆ, ಅಂದರೆ 160 ಪಿಪ್. ಪಿಪ್‌ಗೆ 12.50ರ ಹಾಗೆ 2,000 ರೂಪಾಯಿ ನಷ್ಟ. ನನಗೆ ಬರಬೇಕಾದ ಡಾಲರ್‌ನ ಬೆಲೆಯೂ ಅಷ್ಟೇ ಏರಿದೆ, ಸರಿಹೋಯ್ತಲ್ವಾ? ಕಾಗದದ ಮೇಲೆ ಹೌದು. ಆದರೆ ಈ 2,000 ಎಂಟಿಎಂ, ಅಂದರೆ ದಿನದಿನದ ಲಾಭನಷ್ಟದ ಲೆಕ್ಕ, ಅಂತ ಇವತ್ತೇ ಖಾತೆಯಿಂದ ಕಟ್ ಆಗುತ್ತದೆ, ಆ ಲಾಭ ಬರೋದು ಎರಡು ತಿಂಗಳ ಮೇಲೆ. ಖಾತೆಯಲ್ಲಿ ಬರೀ 10,500 ಇಟ್ಟಿದ್ದರೆ ಮಾರ್ಜಿನ್ ಕಡಿಮೆ ಅಂತ ಮೆಸೇಜ್ ಬರುತ್ತದೆ. ತುಂಬದಿದ್ದರೆ ದಂಡ ಬೀಳಬಹುದು, ಬ್ರೋಕರ್ ತಾನೇ ಐದು ಲಾಟ್ ವಾಪಸ್ ಕೊಂಡು ಪೊಸಿಷನ್ ಮುಚ್ಚಲೂಬಹುದು. ಆಮೇಲೆ ಡಾಲರ್ ಇಳಿದರೆ ತಡೆಯೋಕೆ ಏನೂ ಉಳಿದಿರಲ್ಲ, ನಷ್ಟ ಎರಡೂ ಕಡೆ.

ಅದಕ್ಕೆ ನಾನು ಡಾಲರ್ ಎರಡು ರೂಪಾಯಿ ಏರಿದರೂ ತಡೆಯುವಷ್ಟು, ಅಂದರೆ ಐದು ಲಾಟ್‌ಗೆ ಇನ್ನೊಂದು 10,000, ಮಾರ್ಜಿನ್ ಜೊತೆಗೇ ಬಿಟ್ಟಿರುತ್ತೇನೆ. ಡಾಲರ್ ಬ್ಯಾಂಕಿಗೆ ಬಂದ ದಿನವೇ ಐದು ಲಾಟ್ ವಾಪಸ್ ಕೊಳ್ಳುತ್ತೇನೆ. ಬ್ಯಾಂಕ್ ಕೊಡುವ ದರ ಮಾರುಕಟ್ಟೆಗಿಂತ ಕೆಲವು ಪೈಸೆ ಕಡಿಮೆಯೇ ಇರುತ್ತದೆ, ಹಾಗಾಗಿ ಎರಡೂ ಕಡೆ ಲೆಕ್ಕ ಪೈಸೆಗೆ ಪೈಸೆ ತಾಳೆಯಾಗಲ್ಲ.